ತಿಂಗಳ ರಜೆಗೆ ಕಾವಲು ನಿಂತ ಬೈರಮ್ಮ

ದೊಡ್ಡನೆಕ್ಕುಂದಿಯ ಹಳೇ ಊರಿನಲ್ಲಿ, ಬಸ್ಸು ತಿರುಗುವ ಜಾಗದಿಂದ ಒಳಕ್ಕೆ ಹೋದರೆ ಸಿಗುವ ಇಕ್ಕಟ್ಟಾದ ಬೀದಿಯಲ್ಲಿ ಬೈರಮ್ಮನ ಮನೆ. ಅವಳ ಅಪ್ಪನೂ ಅಕ್ಕಪಕ್ಕದವರೂ ರಾಗಿ ಬೆಳೆಯುತ್ತಿದ್ದ ಹೊಲಗಳು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದಮೇಲೆ ಆ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕಾರ್ಖಾನೆಗಳಿಗೆ ಸೇರಿಕೊಂಡರು. ಬೈರಮ್ಮ ಸೇರಿದ್ದು ಮಹದೇವಪುರದ ಕಡೆಯ ಒಂದು ಗಾರ್ಮೆಂಟ್ಸಿಗೆ. ತೊಂಬತ್ತರ ದಶಕದ ಮೊದಲ ವರ್ಷಗಳವು. ಮೊದಲು ದಾರ ಕತ್ತರಿಸುವ ಹೆಲ್ಪರ್, ಆಮೇಲೆ ಶರ್ಟಿನ ಭುಜ ಕೂಡಿಸುವ ಟೈಲರ್. ಕೈ ಚುರುಕು, ಮಾತು ಕಮ್ಮಿ. ಗಂಡ ಮುನಿಶಾಮಿ ವೈಟ್‌ಫೀಲ್ಡ್ ರಸ್ತೆಯ ಗೋಡೌನುಗಳಲ್ಲಿ ಲಾರಿಗೆ ಮೂಟೆ ತುಂಬುತ್ತಿದ್ದ.

ಎರಡನೇ ಹೆರಿಗೆಯಾದ ಮೇಲೆ ಅವಳಿಗೆ ಮುಟ್ಟು ಅನ್ನುವುದು ತಿಂಗಳ ಕಾಯಿಲೆಯಾಯಿತು. ರಕ್ತ ನಿಲ್ಲುತ್ತಿರಲಿಲ್ಲ. ಮಷೀನುಗಳ ಒಂದೊಂದು ಲೈನಿಗೆ ಒಂದೇ ಟಾಯ್ಲೆಟ್ ಟೋಕನ್. ಅದು ಸೂಪರ್‌ವೈಸರನ ಮೇಜಿನ ಮೇಲೆ ಇರುತ್ತಿತ್ತು. ಒಬ್ಬಳು ಹೋಗಿ ಬಂದಮೇಲೆ ಇನ್ನೊಬ್ಬಳು ಹೋಗಬೇಕು. ಒಂದು ದಿನ ಟೋಕನ್ನಿಗೆ ಕಾದು ಕಾದು, ಅವಳು ಎದ್ದು ನಿಂತಾಗ ಸ್ಟೂಲು ಕೆಂಪಾಗಿತ್ತು. ಸೂಪರ್‌ವೈಸರ್ ಮೂಗು ಮುಚ್ಚಿಕೊಂಡು, "ಎತ್ಕೊಂಡ್ ಹೋಗಿ ತೊಳ್ಕೊಂಡ್ ಬಾ, ಪೀಸ್‌ಗೆ ಅಂಟಿದ್ರೆ ನಿನ್ ಸಂಬಳದಲ್ಲಿ ಹಿಡೀತೀನಿ" ಅಂದ. ಅವಳು ಸ್ಟೂಲು ಎತ್ತಿಕೊಂಡು ಮೂರು ಲೈನುಗಳ ನಡುವೆ ನಡೆದು ಹೋದಳು. ಇಸ್ತ್ರಿ ಮಾಡುವ ಗಂಡಸರು ನೋಡುತ್ತ ನಿಂತರು. ಯಾರೂ ನಗಲಿಲ್ಲ, ಯಾರೂ ಬಂದು ಸ್ಟೂಲಿನ ಇನ್ನೊಂದು ತುದಿ ಹಿಡಿಯಲೂ ಇಲ್ಲ.

ಕೊನೆಗೆ ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಅವಳ ಗರ್ಭಕೋಶ ತೆಗೆದರು. ಆಗ ಅವಳಿಗೆ ಮೂವತ್ತೈದು ಇರಬಹುದು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಯಲ್ಲಿ ಮುನಿಶಾಮಿ ಕುಡಿದು ಬಂದಾಗಲೆಲ್ಲ ಅವಳನ್ನು "ಖಾಲಿ ಡಬ್ಬ" ಅಂತ ಕರೆಯತೊಡಗಿದ. ಮಕ್ಕಳ ಮುಂದೆಯೂ ಹಾಗೇ ಕರೆದ. ಕೇಳಿ ಕೇಳಿ ಅವಳಿಗೆ ಅದು ಇನ್ನೊಂದು ಹೆಸರಿನಂತೆ ಆಗಿಹೋಯಿತು. ಹೆಚ್ಚು ಹೊತ್ತು ಕೂತು ಹೊಲಿಯಲು ಆಗದ ಕಾರಣ ಕಂಪನಿ ಅವಳನ್ನು ಫಸ್ಟ್-ಏಡ್ ರೂಮಿನ ಆಯಾ ಮಾಡಿತು. ಸೂಜಿ ಚುಚ್ಚಿದ ಬೆರಳಿಗೆ ಪಟ್ಟಿ ಕಟ್ಟುವುದು, ತಲೆಸುತ್ತಿ ಬಿದ್ದವರಿಗೆ ನೀರು ಕೊಡುವುದು, ಮತ್ತೆ ಲೈನಿಗೆ ಕಳಿಸುವುದು ಅವಳ ಕೆಲಸ.

ಆಶಾರಾಣಿ ಬಂದದ್ದು ಅದಾಗಿ ಹಲವು ವರ್ಷಗಳ ನಂತರ, ಎರಡು ಸಾವಿರದ ಐದರಲ್ಲಿ. ಗದಗಿನ ಕಡೆಯ ಹುಡುಗಿ, ಸಮಾಜಕಾರ್ಯ ಓದಿಕೊಂಡವಳು, ವೆಲ್ಫೇರ್ ಆಫೀಸರ್ ಅಂತ ಸೇರಿದಳು. ಎರಡು ತಿಂಗಳು ಫಸ್ಟ್-ಏಡ್ ರೂಮಿನ ಬೆಂಚಿನ ಮೇಲೆ ಕೂತು, ಬಂದುಹೋಗುವ ಹುಡುಗಿಯರನ್ನು ಮಾತಾಡಿಸಿದಳು. ಹೊಟ್ಟೆ ಹಿಡಿದುಕೊಂಡು ಬರುವವರೇ ಹೆಚ್ಚು. ಒಂದು ಮಾತ್ರೆ ನುಂಗಿ, ಸ್ವಲ್ಪ ಹೊತ್ತು ಮಲಗಿ, ಟಾರ್ಗೆಟ್ ನೆನಪಾಗಿ ಎದ್ದು ಹೋಗುತ್ತಿದ್ದರು.

"ಒಂದಿನ ಮನ್ಯಾಗ ಇರಬಾರದೇನು ಇವರು?" ಅಂತ ಅವಳು ಬೈರಮ್ಮನನ್ನು ಕೇಳಿದಳು.

"ಇದ್ರೆ ಸಂಬಳ ಹೋಗುತ್ತೆ ಮೇಡಮ್, ಜೊತೇಲಿ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತೆ. ತಿಂಗಳಲ್ಲಿ ಒಂದಿನ ತಪ್ಪಿದ್ರೂ ಕೊಡಲ್ಲ."

"ಇ.ಎಸ್.ಐ. ಐತಲ್ಲ?"

"ಅದ್ರಲ್ಲಿ ಮೊದಲೆರಡು ದಿನಕ್ಕೆ ದುಡ್ಡು ಬರಲ್ಲ. ಆ ಎರಡು ದಿನಾನೇ ನೋವು."

ಗಳಿಕೆ ರಜೆ ಇತ್ತು. ಆದರೆ ಅದಕ್ಕೆ ಹದಿನೈದು ದಿನ ಮೊದಲೇ ಅರ್ಜಿ ಕೊಡಬೇಕು. ಮುಟ್ಟು ಹಾಗೆ ಹೇಳಿಕಳಿಸಿ ಬರುವುದಿಲ್ಲ. ಆಶಾರಾಣಿ ಇದನ್ನೆಲ್ಲ ಎಂ.ಡಿ.ಯವರ ಮುಂದೆ ಇಟ್ಟಳು. ಹೆಂಗಸರು ಹೇಗಿದ್ದರೂ ತಪ್ಪಿಸಿಕೊಳ್ಳುತ್ತಿದ್ದಾರೆ, ಅದೂ ಹೇಳದೆ ಕೇಳದೆ. ಹೇಳಿ ತಪ್ಪಿಸಿಕೊಂಡರೆ ಲೈನಿಗೂ ಒಳ್ಳೆಯದು. ತಿಂಗಳಿಗೆ ಒಂದು ದಿನ ರಜೆ, ಸಂಬಳ ಸಹಿತ, ಬೋನಸ್ ಕಡಿಯುವುದು ಬೇಡ. ಬಿಹಾರದಲ್ಲಿ ಸರ್ಕಾರಿ ಕೆಲಸದ ಹೆಂಗಸರಿಗೆ ಎರಡು ದಿನ ಕೊಟ್ಟು ಹದಿಮೂರು ವರ್ಷವಾಗಿದೆ.

ಪ್ರೊಡಕ್ಷನ್ ಮ್ಯಾನೇಜರ್ ವಸಂತ್ ಮಹದೇವಪುರದವನೇ. ಅವನು ನಕ್ಕ. "ಮೇಡಮ್, ಅದು ಸರ್ಕಾರ. ಅಲ್ಲಿ ಫೈಲ್ ಒಂದಿನ ಲೇಟಾದ್ರೆ ಯಾರ್ ಕೇಳ್ತಾರೆ? ಇಲ್ಲಿ ಕಾಲರ್ ಹಾಕೋಳು ಬರ್ಲಿಲ್ಲ ಅಂದ್ರೆ ಅವಳ ಹಿಂದಿರೋ ಇಡೀ ಲೈನ್ ಸುಮ್ನೆ ಕೂತ್ಕೊಳುತ್ತೆ."

"ಫ್ಲೋರಿಗೆ ಇಬ್ಬರು ಎಕ್ಸ್‌ಟ್ರಾ ಟೈಲರ್ ಇಡ್ರಿ ಸರ. ಎಲ್ಲಾ ಆಪರೇಷನ್ ಗೊತ್ತಿದ್ದವರು. ಯಾರು ಬರಂಗಿಲ್ಲೋ ಅವರ ಮಷೀನಿಗೆ ಕೂಡ್ತಾರ."

"ಅವರ ಸಂಬಳ ಫಾರಿನ್ ಬೈಯರ್ ಕೊಡ್ತಾನಾ? ರೇಟ್ ಇಳ್ಸಿ ಇಳ್ಸಿ ಸಾಯಿಸ್ತಿದಾನೆ. ಇನ್ನೊಂದ್ ಮಾತು ಕೇಳಿ. ನಾಳೆ ಕೆಲಸ ಕೇಳ್ಕೊಂಡು ಒಬ್ಬ ಗಂಡು, ಒಬ್ಬ ಹೆಣ್ಣು ಬಂದ್ರೆ ನಾನು ಯಾರನ್ನ ತಗೋತೀನಿ? ವರ್ಷಕ್ಕೆ ಹನ್ನೆರಡು ದಿನ ಜಾಸ್ತಿ ಬರೋನ್ನ ತಾನೆ? ನೀವು ಅವ್ರಿಗೆ ಒಳ್ಳೇದ್ ಮಾಡಕ್ ಹೋಗಿ ಕೆಲಸಾನೇ ತೆಗೀತಿದೀರ."

ಆಶಾರಾಣಿಗೆ ಆ ಮಾತು ಚುಚ್ಚಿತು, ಅದರಲ್ಲಿ ಸುಳ್ಳಿಲ್ಲ ಅನ್ನುವುದಕ್ಕೇ ಹೆಚ್ಚು ಚುಚ್ಚಿತು. ಆದರೆ ವಿದೇಶದ ಬೈಯರ್ ಕಡೆಯವರು ಹೆಂಗಸರ ಯೋಗಕ್ಷೇಮದ ಬಗ್ಗೆ ವಿಚಾರಿಸಲು ಬರುವವರಿದ್ದರು. ಎಂ.ಡಿ. ಲೆಕ್ಕ ಹಾಕಿ, ಎರಡನೇ ಫ್ಲೋರಿನಲ್ಲಿ ಮಾತ್ರ ಒಂದು ವರ್ಷ ನೋಡೋಣ, ಆದರೆ ಎಕ್ಸ್‌ಟ್ರಾ ಟೈಲರ್ ಒಬ್ಬಳೇ ಅಂದರು. ಹೆಂಗಸರು ಒಪ್ಪಿದರೆ ಮಾತ್ರ.

ಊಟದ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಸಭೆ ಸೇರಿತು. ಮೊದಲು ಎದ್ದು ನಿಂತವಳು ವಾಜಿದಾ. ಶಿವಾಜಿನಗರದಲ್ಲಿ ಹುಟ್ಟಿ ಕೆ.ಆರ್. ಪುರಕ್ಕೆ ಮದುವೆಯಾಗಿ ಬಂದವಳು, ಕಫ್ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬೈರಮ್ಮನಿಗೆ ಇಡೀ ಕಾರ್ಖಾನೆಯಲ್ಲಿದ್ದ ಒಬ್ಬಳೇ ಗೆಳತಿ.

"ನಂಗೆ ಬ್ಯಾಡ ಮೇಡಮ್. ನಮ್ಮನೇಲಿ ಗಂಡಸ್ರಿಗೆ ಗೊತ್ತಾಗ್ದಿರೋ ವಿಷ್ಯ ಇಲ್ಲಿ ಸೂಪರ್‌ವೈಸರ್‌ಗೆ ಯಾಕೆ ಗೊತ್ತಾಗ್ಬೇಕು? ಇವತ್ತು ವಾಜಿದಾ ಬಂದಿಲ್ಲ ಅಂದ್ರೆ ಇಸ್ತ್ರಿಯೋರೆಲ್ಲ ಕ್ಯಾಲೆಂಡರ್ ನೋಡ್ತಾರೆ. ಶರಮ್ ಅನ್ನೋದು ಇಲ್ವಾ?"

"ನಿಂಗೆ ನೋವಿಲ್ಲ, ಅದಕ್ಕೆ ಹಂಗಂತೀಯ" ಅಂದಳು ಹಿಂದಿನಿಂದ ಒಬ್ಬಳು. "ನಮಗೆಲ್ಲ ಮುಟ್ಟು ನಿಂತೋಗಿದೆ, ನಮಗೇನ್ ಕೊಡ್ತೀರ?" ಅಂದಳು ವಯಸ್ಸಾದ ಇನ್ನೊಬ್ಬಳು. ಗಲಾಟೆಯಾಯಿತು. ಆಗ, ಎಂದೂ ಸಭೆಯಲ್ಲಿ ಬಾಯಿ ಬಿಡದ ಬೈರಮ್ಮ ಎದ್ದಳು. ಸ್ಟೂಲಿನ ಕಥೆ ಹೇಳಿದಳು. ಎಲ್ಲಿಂದ ಎಲ್ಲಿಗೆ ಎತ್ತಿಕೊಂಡು ಹೋದೆ, ನಲ್ಲಿಯ ಕೆಳಗೆ ಎಷ್ಟು ಉಜ್ಜಿದರೂ ಮರದೊಳಗೆ ಇಳಿದ ಕಲೆ ಹೇಗೆ ಹೋಗಲಿಲ್ಲ ಅನ್ನುವುದನ್ನೆಲ್ಲ ಹೇಳಿದಳು.

"ನಂಗೆ ಈ ರಜ ಬೇಕಾಗಿಲ್ಲ, ನಂಗದು ಇಲ್ವೇ ಇಲ್ಲ. ನಮ್ಮ್ ಹುಡುಗೀರಿಗೆ ಇರ್ಲಿ" ಅಂದಳು.

ಕೈ ಎತ್ತಲು ಹೇಳಿದಾಗ ವಾಜಿದಾ ಕೂಡ, ಬೈರಮ್ಮನ ಮುಖ ನೋಡಿ, ಕೈ ಎತ್ತಿದಳು.

ಮೊದಲ ತಿಂಗಳುಗಳು ಚೆನ್ನಾಗಿಯೇ ನಡೆದವು. ಬೆಳಿಗ್ಗೆ ಗೇಟಿನ ಹತ್ತಿರ ಆಶಾರಾಣಿಗೋ ಬೈರಮ್ಮನಿಗೋ ಒಂದು ಮಾತು ಹೇಳಿದರೆ ಸಾಕು, ಇಲ್ಲವೇ ಅಕ್ಕಪಕ್ಕದವಳ ಕೈಲಿ ಹೇಳಿಕಳಿಸಿದರೂ ಆಯಿತು. ಬೈರಮ್ಮನ ಎದುರು ಮನೆಯ ಆಂಜನಮ್ಮನ ಮಗಳು ದಿವ್ಯ ಕಾಲರ್ ಟೈಲರ್ ಆಗಿದ್ದಳು. ಇಪ್ಪತ್ತರ ಹುಡುಗಿ. ಅವಳಿಗೆ ಮುಟ್ಟಿನ ಹಿಂದಿನ ದಿನದಿಂದಲೇ ವಾಂತಿ, ಸೊಂಟ ಮುರಿಯುವ ನೋವು. ಮೊದಲ ಸಲ ರಜೆ ಹಾಕಿ ಮಲಗಿದ್ದ ದಿನ ಸಂಜೆ ಅವಳು ಬಾಗಿಲಲ್ಲಿ ನಿಂತು, "ಅತ್ತೆ, ನಿಮ್ಮಿಂದ ಇವತ್ತು ಮನುಷ್ಯಳ ಥರ ಮಲ್ಕೊಂಡಿದ್ದೆ" ಅಂದಳು. ಬೈರಮ್ಮನಿಗೆ ಖುಷಿಯಾಯಿತು. ಅದರ ಅಡಿಯಲ್ಲೇ ಏನೋ ಒಂದು ಹುಳಿಯೂ ಎದ್ದಿತು. ತನ್ನ ಕಾಲಕ್ಕೆ ಇದನ್ನು ಕೊಟ್ಟವರು ಯಾರೂ ಇರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು.

ಆಮೇಲೆ ದೊಡ್ಡ ಶಿಪ್‌ಮೆಂಟಿನ ಗಡುವು ಬಂತು. ಶನಿವಾರ ಸೋಮವಾರಗಳಲ್ಲಿ ರಜೆ ಹೇಳುವವರು ಹೆಚ್ಚಾದರು. ಕೆಲವರು ಸುಳ್ಳು ಹೇಳಿದ್ದು ನಿಜ. ಒಬ್ಬಳು ತಂಗಿಯ ಸೀಮಂತಕ್ಕೆ ಹೋಗಿದ್ದಳು. ಮಗುವಿಗೆ ಜ್ವರವಿದ್ದವಳು, ಬೇರೆ ಯಾವ ರಜೆಯೂ ಇಲ್ಲದೆ, ಇದನ್ನೇ ಹಾಕಿದ್ದಳು. ಎಕ್ಸ್‌ಟ್ರಾ ಟೈಲರ್ ಒಬ್ಬಳು ಸಾಲಲಿಲ್ಲ. ಬಂದವರ ಮೇಲೆ ಬಾರದವರ ಕೆಲಸ ಬಿತ್ತು. ಬೈಗುಳ ಮ್ಯಾನೇಜರಿಗಲ್ಲ, ಮನೆಯಲ್ಲಿದ್ದವಳಿಗೆ ಹೋಯಿತು.

ವಸಂತ್ ಎಂ.ಡಿ.ಯ ರೂಮಿಗೆ ಆಶಾರಾಣಿಯನ್ನು ಕರೆಸಿದ. ಬೈರಮ್ಮನಿಗೂ ಬರಲು ಹೇಳಿದ್ದರು, ಅವಳು ಬಾಗಿಲ ಪಕ್ಕ ನಿಂತಿದ್ದಳು.

"ಎಲ್ರಿಗೂ ಶನಿವಾರಾನೇ ಆಗುತ್ತಾ ಮೇಡಮ್? ಪ್ರೂಫ್ ಬೇಕು" ಅಂದ ವಸಂತ್.

"ಇದಕ್ಕೆ ಎಂಥಾ ಪ್ರೂಫ್ ಸರ? ಡಾಕ್ಟರ್ ಚೀಟಿ ಕೇಳಿದ್ರ ಒಂದಿನದ ಪಗಾರಕ್ಕಿಂತ ಡಾಕ್ಟರ್ ಫೀಸೇ ಹೆಚ್ಚಾಗತೈತಿ. ಹಂಗ ಮಾಡೋದಾದ್ರ ಹೆಸರೇ ಬದಲಿಸೋಣ. ಗಂಡಸು ಹೆಂಗಸು ಎಲ್ಲರಿಗೂ ತಿಂಗಳಿಗೊಂದು ಆರೋಗ್ಯದ ರಜಾ, ಕಾರಣ ಕೇಳೂದಿಲ್ಲ. ಸುಳ್ಳು ಹೇಳೂ ಜರೂರತ್ತೇ ಇರಂಗಿಲ್ಲ, ನಾಚಿಕೀನೂ ಇರಂಗಿಲ್ಲ."

ಎಂ.ಡಿ. ತಲೆಯೆತ್ತಿದರು. "ಎಲ್ಲರಿಗೂ ವರ್ಷಕ್ಕೆ ಹನ್ನೆರಡು ದಿನ? ಆಗಲ್ಲಮ್ಮ. ಇದು ನಡೀಬೇಕು ಅಂದ್ರೆ ಚೆಕ್ ಮಾಡೋರು ಇರ್ಬೇಕು. ಇಲ್ಲಾಂದ್ರೆ ಇವತ್ತೇ ನಿಲ್ಸಿ."

ಆಶಾರಾಣಿ ನಿಲ್ಲಿಸಿಬಿಡಿ ಅನ್ನಬಹುದಿತ್ತು. ಬೈಯರ್ ಕಡೆಯವರು ಬಂದಾಗ ಇದೇ ಅವಳ ಹೆಗ್ಗಳಿಕೆಯಾಗಿತ್ತು, ಆ ಮಾತೂ ಅವಳ ತಲೆಯಲ್ಲಿ ಇದ್ದಿರಬೇಕು. "ಹೆಂಗಸರೇ ಕೇಳ್ಲಿ" ಅಂದಳು ಕಡೆಗೆ. "ಬರೇ ಕೇಳೂದು."

ವಸಂತ್ ಬಾಗಿಲ ಕಡೆ ತಿರುಗಿದ. "ಬೈರಮ್ಮ ಇದಾರಲ್ಲ. ಅವರಿಗೆ ಗರ್ಭಕೋಶಾನೂ ಇಲ್ಲ, ರಜಾನೂ ಬೇಕಿಲ್ಲ. ಅವರಿಗಿಂತ ಪಕ್ಷಪಾತ ಇಲ್ದೋರು ಎಲ್ಲಿ ಸಿಗ್ತಾರೆ?"

ಬೈರಮ್ಮನಿಗೆ ನೀಲಿ ಕೋಟು ಕೊಟ್ಟರು. ಆಯಾ ಹೋಗಿ ಹೆಲ್ತ್ ಅಸಿಸ್ಟೆಂಟ್ ಆದಳು. ಮೊದಮೊದಲು ಅವಳು ಬರೀ ಕೇಳುತ್ತಿದ್ದಳು. "ಆಗಿದೀಯೇನೇ? ಹೋಗು, ಮಲ್ಕೋ ಹೋಗು." ಆಮೇಲೆ ವಸಂತ್, ಕೇಳಿದ್ದಷ್ಟೇ ಸಾಲದು ಅಂದ. ಈಗ ರಜೆ ಬೇಕಾದವಳು ಮನೆಯಲ್ಲಿ ಉಳಿಯುವಂತಿಲ್ಲ. ನೋವಿನಲ್ಲೇ ಬಸ್ಸು ಹತ್ತಿ ಕಾರ್ಖಾನೆಗೆ ಬಂದು, ಫಸ್ಟ್-ಏಡ್ ರೂಮಿನ ಪಕ್ಕದ ಬಾತ್‌ರೂಮಿನಲ್ಲಿ ಬೈರಮ್ಮನಿಗೆ ತೋರಿಸಿ, ಮತ್ತೆ ಬಸ್ಸು ಹತ್ತಿ ಮನೆಗೆ ಹೋಗಬೇಕು. ಆಶಾರಾಣಿ ಇದನ್ನು ಕೇಳಿ ಎರಡು ದಿನ ಊಟ ಬಿಟ್ಟಳಂತೆ. ರಾಜೀನಾಮೆ ಕೊಡಲಿಲ್ಲ.

ಬೈರಮ್ಮ ತನಗೆ ತಾನೇ ಹೇಳಿಕೊಂಡಳು: ನಾನು ನೋಡದಿದ್ದರೆ ರಜೆಯೇ ಹೋಗುತ್ತದೆ. ನಾಲ್ಕು ಜನ ಕಳ್ಳಿಯರಿಂದ ನಲವತ್ತು ಜನಕ್ಕೆ ತಪ್ಪುತ್ತದೆ. ಮೊದಲ ವಾರ ಅವಳು ಮುಖ ಬೇರೆ ಕಡೆ ತಿರುಗಿಸಿ, ಕಣ್ಣಂಚಿನಲ್ಲಿ ನೋಡುತ್ತಿದ್ದಳು. ಆಮೇಲೆ ನೇರವಾಗಿಯೇ ನೋಡತೊಡಗಿದಳು. ಒಬ್ಬಳು ಸುಳ್ಳಿಯನ್ನು ಹಿಡಿದಳು. ವಸಂತ್ ಎಲ್ಲರ ಮುಂದೆ ಹೊಗಳಿದ. ಅಷ್ಟು ವರ್ಷದಲ್ಲಿ ಅವಳನ್ನು ಯಾರೂ ಎಲ್ಲರ ಮುಂದೆ ಹೊಗಳಿರಲಿಲ್ಲ. ಹುಡುಗಿಯರು ಅವಳನ್ನು ಕಂಡರೆ ಸರಿದು ದಾರಿ ಬಿಡುತ್ತಿದ್ದರು. ಅದೂ ಅವಳಿಗೆ ಹಿಡಿಸಿತು.

"ಇಷ್ಟೇನಾ? ಇದಕ್ಕೆ ರಜ ಬೇಕಾ? ನಮ್ ಕಾಲದಲ್ಲಿ ಇದರ ಹತ್ತರಷ್ಟಿದ್ರೂ ಹೊಲೀತಿದ್ವಿ" ಅನ್ನುವಷ್ಟಕ್ಕೆ ಬಂದಳು.

ವಾಜಿದಾ ಒಂದು ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಬಂದು ಅವಳೆದುರು ಕೂತಳು. "ಬೈರಕ್ಕ, ಅವತ್ತು ನಿನ್ ಕೈಲಿ ಸ್ಟೂಲ್ ಹೊರ್ಸಿದ್ನಲ್ಲ, ಅವನು ಒಂದ್ ಸಲ ಹೊರ್ಸಿದ. ನೀನು ದಿನಾ ಹೊರಿಸ್ತಿದೀಯ."

"ರಜ ಉಳೀಲಿ ಅಂತ ಮಾಡ್ತಿದೀನಿ."

"ಹಿಂಗಾದ್ರೆ ರಜ ಯಾರಿಗೆ ಬೇಕು?" ವಾಜಿದಾ ಡಬ್ಬಿ ತೆರೆಯದೆ ಎದ್ದು ಹೋದಳು. ಅಂದಿನಿಂದ ಬೇರೆ ಮೇಜಿಗೆ ಕೂತಳು.

ಈ ತಪಾಸಣೆ ಶುರುವಾದ ಮೊದಲ ತಿಂಗಳು ದಿವ್ಯಳಿಗೆ ನೋವು ಬಂದದ್ದು ರಕ್ತ ಕಾಣುವ ಹಿಂದಿನ ದಿನ, ಎಂದಿನಂತೆ. ಬಾತ್‌ರೂಮಿನಲ್ಲಿ ಗೋಡೆಗೆ ಕೈ ಕೊಟ್ಟು ನಿಂತಿದ್ದಳು. ಬೈರಮ್ಮ ನೋಡಿ, "ಏನೂ ಇಲ್ವಲ್ಲೇ" ಅಂದಳು.

"ನಾಳೆ ಆಗುತ್ತೆ ಅತ್ತೆ. ನಂಗೆ ಮೊದ್ಲೇ ನೋಯುತ್ತೆ, ನಿಮಗೆ ಗೊತ್ತಲ್ವಾ?"

"ನಾಳೆ ಆದ್ರೆ ನಾಳೆ ಬಾ. ಇವತ್ತು ಹೋಗು ಲೈನಿಗೆ."

ದಿವ್ಯ ಬಟ್ಟೆ ಸರಿಮಾಡಿಕೊಂಡಳು. ಅವಳು ಎಳೆಕೂಸಾಗಿದ್ದಾಗ ಆಂಜನಮ್ಮನಿಗೆ ಕಾಮಾಲೆಯಾಗಿ, ಎಷ್ಟೋ ದಿನ ಅವಳ ಬಟ್ಟೆ ಬದಲಿಸಿದವಳು ಇದೇ ಬೈರಮ್ಮ. "ಇನ್ಮೇಲೆ ನಿಮ್ಮುಂದೆ ಬಟ್ಟೆ ಎತ್ತಲ್ಲ ಅತ್ತೆ" ಅಂದಳು ಹುಡುಗಿ. "ನೋವು ತಿಂದ್ಕೊಂಡೇ ಹೊಲೀತೀನಿ. ನಿಮ್ಮ ರಜ ನೀವೇ ಇಟ್ಕೊಳಿ."

ಹೇಳಿದಂತೆಯೇ ಮಾಡಿದಳು. ಮಾತ್ರೆ ನುಂಗಿ, ಕೆಳತುಟಿ ಕಚ್ಚಿಕೊಂಡು ಕಾಲರ್ ಹಾಕಿದಳು. ಅವಳಂತೆ ಇನ್ನೂ ಎಷ್ಟೋ ಜನ ರಜೆ ಕೇಳುವುದನ್ನೇ ಬಿಟ್ಟರು. ಆದರೆ ದಿವ್ಯಳಿಗೆ ಆಗ ವರ್ತೂರಿನ ಕಡೆಯ ಗಂಡು ಗೊತ್ತಾಗಿತ್ತು. ಗಂಡಿನ ಅತ್ತಿಗೆ ಇದೇ ಫ್ಲೋರಿನ ಫಿನಿಶಿಂಗಿನಲ್ಲಿ ಬಟನ್ ನೋಡುತ್ತಿದ್ದಳು.

ಮೂರನೇ ತಿಂಗಳಲ್ಲಿ ಒಂದು ದಿನ ವಸಂತ್ ಲೈನುಗಳ ನಡುವೆ ನಿಂತು ಬೈರಮ್ಮನನ್ನು ಕೇಳಿದ: "ಆ ಕಾಲರ್ ಹುಡುಗಿ ಮುಂಚೆ ತಪ್ಪದೆ ರಜ ಹಾಕ್ತಿದ್ಲಲ್ಲ. ಈಗ ಮೂರು ತಿಂಗಳಿಂದ ಇಲ್ವೇ ಇಲ್ಲ. ಏನ್ ಬೈರಮ್ಮ, ವಿಶೇಷಾನಾ?"

ಪಕ್ಕದಲ್ಲಿ ಸೂಪರ್‌ವೈಸರ್ ಇದ್ದ. ಹೆಲ್ಪರುಗಳು ಇದ್ದರು. ಬೈರಮ್ಮನಿಗೆ ಕಾರಣ ಚೆನ್ನಾಗಿ ಗೊತ್ತಿತ್ತು. ಹೇಳಲು ಒಂದು ಉಸಿರು ಸಾಕಿತ್ತು. ಆದರೆ ನಿಮ್ಮ ರಜ ನೀವೇ ಇಟ್ಕೊಳಿ ಅಂದ ಆ ಮುಖ ಅವಳ ಕಣ್ಣ ಮುಂದೆ ಬಂತು.

"ಯಾರಿಗ್ ಗೊತ್ತು ಸಾರ್" ಅಂದಳು. "ಈಗಿನ್ ಹುಡುಗೀರು."

ವಸಂತ್ ನಕ್ಕ. ಸೂಪರ್‌ವೈಸರ್ ನಕ್ಕ. ಆ ನಗು ಸಂಜೆಯೊಳಗೆ ಫಿನಿಶಿಂಗಿಗೆ ಹೋಯಿತು, ಭಾನುವಾರದೊಳಗೆ ವರ್ತೂರಿಗೆ ಹೋಯಿತು. ಸೋಮವಾರ ಬೀದಿಯ ನಲ್ಲಿಯ ಹತ್ತಿರ ಒಬ್ಬಾಕೆ ಬೈರಮ್ಮನನ್ನು ಕೇಳಿಯೇಬಿಟ್ಟಳು: "ಆಂಜನಮ್ಮನ್ ಮಗಳಿಗೆ ಮೂರು ತಿಂಗಳಂತೆ, ನಿಜವೇನಕ್ಕ? ನೀನೇ ನೋಡೋಳಂತಲ್ಲ." ಬೈರಮ್ಮ ಬಿಂದಿಗೆ ತುಂಬುವುದನ್ನೇ ನೋಡುತ್ತ ನಿಂತಳು. ಸುತ್ತಲಿದ್ದವರಿಗೆ ಅಷ್ಟೇ ಸಾಕಾಯಿತು.

ಆಂಜನಮ್ಮ ಮಗಳಿಗೆ ಪೊರಕೆಯಲ್ಲಿ ಹೊಡೆದಳು. ಅಣ್ಣ ಮುನೀಂದ್ರ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಾರತ್ತಹಳ್ಳಿಯ ಲ್ಯಾಬಿಗೆ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ ಮಾಡಿಸಿದ. ಏನೂ ಇರಲಿಲ್ಲ. ಆದರೆ ಬೀದಿಯಲ್ಲಿ ಯಾರೂ ಅದನ್ನು ತೋರಿಸು ಅಂತ ಕೇಳಲಿಲ್ಲ. ವರ್ತೂರಿನವರು ಲಗ್ನಪತ್ರಿಕೆಯನ್ನು ಸ್ವಲ್ಪ ಮುಂದಕ್ಕೆ ಹಾಕೋಣ ಅಂತ ಹೇಳಿಕಳಿಸಿದರು.

ಅದಾಗಿ ಕೆಲವೇ ದಿನಗಳಲ್ಲಿ ದಿವ್ಯಳಿಗೆ ಮುಟ್ಟಾಯಿತು. ಬೆಳಿಗ್ಗೆ ಮಷೀನುಗಳು ಶುರುವಾಗುವ ಮೊದಲು, ಎಲ್ಲರೂ ಲೈನಿನಲ್ಲಿ ಕೂರುತ್ತಿದ್ದಾಗ, ಅವಳು ನೇರವಾಗಿ ಫ್ಲೋರಿನ ನಡುವೆ ಬಂದು ನಿಂತಳು. ಬೈರಮ್ಮ ಅಲ್ಲೇ ಇದ್ದಳು. ವಸಂತ್ ಸೂಪರ್‌ವೈಸರುಗಳಿಗೆ ಟಾರ್ಗೆಟ್ ಹೇಳುತ್ತಿದ್ದ.

"ಅತ್ತೆ, ಬನ್ನಿ, ಚೆಕ್ ಮಾಡಿ" ಅಂದಳು ದಿವ್ಯ. ದೊಡ್ಡ ದನಿಯಲ್ಲೇ ಅಂದಳು. "ಇವತ್ತು ನಾನೇ ಕರೀತಿದೀನಿ. ನೋಡಿ, ಬಂದು ಎಲ್ಲರ ಮುಂದೆ ಹೇಳಿ."

"ಹೋಗಿ ಬೈರಮ್ಮ, ನಿಮ್ ಕೆಲಸ ಅಲ್ವಾ" ಅಂದ ವಸಂತ್. ಅವನಿಗೆ ಇದು ಮೋಜೆನಿಸಿತ್ತು.

ಅವರಿಬ್ಬರೂ ಒಳಗೆ ಹೋದರು. ದಿವ್ಯ ತೋರಿಸಿದಳು. ಅವಳ ಕಣ್ಣು ಬೈರಮ್ಮನ ಮುಖ ಬಿಟ್ಟು ಕದಲಲಿಲ್ಲ. ಬೈರಮ್ಮ ಹೊರಗೆ ಬಂದು ನಿಂತಳು. ಇನ್ನೂರು ತಲೆಗಳು ತಿರುಗಿದ್ದವು. ಬಟನ್ ಮೇಜಿನ ಹಿಂದೆ ವರ್ತೂರಿನ ಅತ್ತಿಗೆಯೂ ತಲೆಯೆತ್ತಿದ್ದಳು.

"ಆಗಿದಾಳೆ" ಅಂದಳು ಬೈರಮ್ಮ. ಗಟ್ಟಿಯಾಗಿ ಮತ್ತೆ ಹೇಳಿದಳು. "ಚೆನ್ನಾಗೇ ಆಗಿದಾಳೆ. ಯಾವಾಗ್ಲೂ ಆಗ್ತಿದ್ಲು. ನನ್ ಮುಂದೆ ತೋರ್ಸಕ್ಕೆ ಇಷ್ಟ ಇಲ್ದೆ ರಜ ತಗೊಂಡಿಲ್ಲ, ಅಷ್ಟೇ."

ದಿವ್ಯಳ ಮುಖದಲ್ಲಿ ಏನೋ ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಇಸ್ತ್ರಿ ಟೇಬಲಿನ ಕಡೆಯಿಂದ ಒಂದು ದನಿ, ಯಾರದೆಂದು ತಿಳಿಯದ ದನಿ, ಬಂತು: "ತೆಗೆಸ್ಕೊಂಡಿರ್ಬೇಕು ಬಿಡಿ. ಅದೇ ರಕ್ತ."

ನಗು ಇಸ್ತ್ರಿಯವರಿಂದ ಶುರುವಾಯಿತು. ಹೆಂಗಸರಲ್ಲೂ ಕೆಲವರು ಸೆರಗು ಬಾಯಿಗಿಟ್ಟುಕೊಂಡರು. ವರ್ತೂರಿನ ಅತ್ತಿಗೆ ತಲೆ ತಗ್ಗಿಸಿ ಬಟನ್ ಎಣಿಸತೊಡಗಿದಳು. ವಸಂತ್ ಕೈ ತಟ್ಟಿ, "ಸರಿ, ಸರಿ, ಮಷೀನ್ ಆನ್ ಮಾಡ್ರಿ. ನೀನು ರಜ ತಗೊಂಡು ಮನೆಗ್ ಹೋಗಮ್ಮ, ನಿಂಗೆ ಹಕ್ಕಿದೆ" ಅಂದ.

ದಿವ್ಯ ಹೋದಳು. ವಾಜಿದಾ ಮಷೀನ್ ಬಿಟ್ಟೆದ್ದು ಗೇಟಿನವರೆಗೂ ಅವಳ ಜೊತೆ ನಡೆದಳು. ಅದಕ್ಕಾಗಿ ವಾಜಿದಾಳ ಅರ್ಧ ದಿನದ ಸಂಬಳ ಹಿಡಿದರು. ದಿವ್ಯ ಮತ್ತೆ ಆ ಗೇಟಿನೊಳಗೆ ಬರಲಿಲ್ಲ. ವರ್ತೂರಿನವರು ಬೇರೆ ಕಡೆ ಹೆಣ್ಣು ನೋಡಿದರು.

ವರ್ಷದ ಕೊನೆಗೆ ಎಂ.ಡಿ.ಯ ರೂಮಿನಲ್ಲಿ ರಜೆಯ ಲೆಕ್ಕ ನೋಡಿದರು. ಮೊದಲ ತಿಂಗಳುಗಳಲ್ಲಿ ಫ್ಲೋರಿನ ಮುಕ್ಕಾಲು ಹೆಂಗಸರು ರಜೆ ತೆಗೆದುಕೊಂಡಿದ್ದರು. ಕೊನೆಯಲ್ಲಿ ಯಾರೂ ಇಲ್ಲ. ವಸಂತ್ ಅದನ್ನು ವಿವರಿಸಿದ್ದು ಹೀಗೆ: ಮೊದಲು ಎಲ್ಲರೂ ತೆಗೆದುಕೊಂಡದ್ದರಿಂದ ಅದು ದುರುಪಯೋಗ ಅಂತ ಗೊತ್ತಾಗುತ್ತದೆ, ಈಗ ಯಾರೂ ತೆಗೆದುಕೊಳ್ಳದ್ದರಿಂದ ಅದರ ಅಗತ್ಯವಿಲ್ಲ ಅಂತ ಗೊತ್ತಾಗುತ್ತದೆ. ಆಶಾರಾಣಿ ಎದ್ದು, "ನೋವು ಕಮ್ಮಿ ಆಗಿಲ್ಲ ಸರ, ಕೇಳೂದು ಕಮ್ಮಿ ಆಗೇತಿ" ಅಂದಳು. ಎಂ.ಡಿ. ಅವಳಿಗೆ ಕೂರಲು ಹೇಳಿದರು. ರಜೆ ನಿಂತಿತು. ಹೆಂಗಸರೇ ಬೇಡವೆಂದರು ಅಂತ ಬೈಯರ್ ಕಡೆಯವರಿಗೆ ತಿಳಿಸಿದರು.

ಆಶಾರಾಣಿ ಹೊಸ ವರ್ಷಕ್ಕೆ ರಿಂಗ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಹೋದಳು. ಅಲ್ಲಿ ಮೈ ಸರಿಯಿಲ್ಲ ಅಂತ ಒಂದು ಸಾಲು ಮೇಲ್ ಹಾಕಿದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಹೋಗುವ ದಿನ ಬೈರಮ್ಮನಿಗೆ ಹೇಳಿಹೋಗಲು ಅವಳು ಫಸ್ಟ್-ಏಡ್ ರೂಮಿಗೆ ಬಂದಿದ್ದಳು. ಬೆಂಚಿನ ಮೇಲಿದ್ದ ಧೂಳು ಒರೆಸಿ ಹೋದಳು. ಬೈರಮ್ಮನ ನೀಲಿ ಕೋಟು ವಾಪಸ್ ತೆಗೆದುಕೊಂಡು ಅವಳನ್ನು ಮತ್ತೆ ದಾರ ಕತ್ತರಿಸಲು ಕೂರಿಸಿದರು. ಅವಳ ಎರಡೂ ಪಕ್ಕದವರು ಸ್ಟೂಲು ಸರಿಸಿಕೊಂಡರು. ವಾಜಿದಾ ನಮಸ್ಕಾರಕ್ಕೂ ತಿರುಗಲಿಲ್ಲ.

ದಿವ್ಯಳ ಮದುವೆ ಮುಂದಿನ ವರ್ಷ ಆಯಿತು. ಗಂಡು ಹೊಸಕೋಟೆಯ ಆಚೆಯ ಒಂದು ಹಳ್ಳಿಯವನು, ಮೊದಲ ಹೆಂಡತಿ ತೀರಿಕೊಂಡಿದ್ದಳು, ಹೈಸ್ಕೂಲಿಗೆ ಹೋಗುವ ಮಗಳಿದ್ದಳು. ಅವರು ಏನನ್ನೂ ವಿಚಾರಿಸಲಿಲ್ಲವಂತೆ, ಆಂಜನಮ್ಮ ಅದನ್ನೇ ದೊಡ್ಡ ಗುಣವೆಂಬಂತೆ ಹೇಳುತ್ತಿದ್ದಳು. ಬೀದಿ ಇಕ್ಕಟ್ಟು. ಚಪ್ಪರದ ಗಳುಗಳನ್ನು ಬೈರಮ್ಮನ ಬಾಗಿಲಿಗೆ ಅಡ್ಡವಾಗಿಯೇ ನೆಟ್ಟರು. ಮುನೀಂದ್ರ ಬಂದು ಕೇಳಲಿಲ್ಲ, ಅವಳೂ ಬೇಡವೆನ್ನಲಿಲ್ಲ. ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದವರು ಅವಳ ಮನೆಯೊಂದನ್ನು ದಾಟಿ ಹೋದರು. ಮುನಿಶಾಮಿಗೆ ಮಾತ್ರ ಬೀದಿಯಲ್ಲಿ ಸಿಕ್ಕಾಗ ಹೇಳಿದ್ದರು, ಅವನು ಬೆಳಿಗ್ಗೆಯೇ ಹೋಗಿ ಕೂತಿದ್ದ.

ಅವಳು ಮುಚ್ಚಿದ ಬಾಗಿಲೊಳಗೆ ವಾಲಗ ಕೇಳಿಸಿಕೊಂಡಳು. ಧಾರೆಯ ಹೊತ್ತಿಗೆ ತಡೆಯಲಾಗದೆ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತಳು. ಜನರ ತಲೆಗಳ ಸಂದಿನಲ್ಲಿ ದಿವ್ಯಳ ಬಾಸಿಂಗದ ಒಂದು ತುದಿ ಕಂಡಿತು, ಮುಖ ಕಾಣಲಿಲ್ಲ. ಮಧ್ಯಾಹ್ನ ಊಟದ ಸಾಲು ಉದ್ದವಾಗಿ, ಚಾಪೆಯ ತುದಿ ಅವಳ ಹೊಸ್ತಿಲವರೆಗೂ ಬಂತು. ಬಡಿಸುವವರು ಹೊರಗಿನವರು, ಅವರಿಗೆ ಊರಿನ ಸಂಗತಿ ಗೊತ್ತಿರಲಿಲ್ಲ. ಅವರಲ್ಲೊಬ್ಬ ಬಾಗಿಲಲ್ಲಿ ನಿಂತವಳನ್ನು ನೋಡಿ, "ಬನ್ನಿ ಅಮ್ಮ, ಕೂತ್ಕೊಳಿ, ಯಾಕ್ ನಿಂತಿದೀರ" ಅಂದು ಎಲೆ ಹಾಕಿ ನೀರು ಚಿಮುಕಿಸಿದ. ಬೈರಮ್ಮ ಸುತ್ತ ನೋಡಿದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಅವಳು ಮೆಲ್ಲಗೆ ಕೂತಳು. ಎಲೆಗೆ ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು.

ಸಾಲು ವಿಚಾರಿಸಿಕೊಳ್ಳುತ್ತ ಆಂಜನಮ್ಮ ಆ ತುದಿಯಿಂದ ಬರುತ್ತಿದ್ದಳು. ಎಲ್ಲರಿಗೂ, "ನಿಧಾನವಾಗಿ ಊಟ ಮಾಡಿ, ಸಂಕೋಚ ಮಾಡ್ಕೋಬೇಡಿ" ಅನ್ನುತ್ತಿದ್ದಳು. ಬೈರಮ್ಮನ ಎಲೆಯ ಮುಂದೆ ಬಂದಾಗ ನಿಂತಳು. ಬೈರಮ್ಮ ತಲೆಯೆತ್ತಿದಳು. "ಆಂಜಿ" ಅಂದಳು, ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ.

ಆಂಜನಮ್ಮ ಬಡಿಸುವವನ ಕಡೆ ತಿರುಗಿ, ದನಿಯೇರಿಸದೆ ಹೇಳಿದಳು.

"ಇಲ್ಲಿ ಎಲೆ ಯಾರಪ್ಪಾ ಹಾಕಿದ್ದು? ಇವರು ನಮ್ಮ ಕಡೆಯೋರಲ್ಲ. ತೆಗಿ."

ಅವನು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದ. ಆಮೇಲೆ ಬಗ್ಗಿ, ಬಡಿಸಿದ್ದೆಲ್ಲ ಒಳಗಿರುವಂತೆಯೇ ಎಲೆಯನ್ನು ಮಡಿಸಿ ಎತ್ತಿಕೊಂಡ. ಪಕ್ಕದ ಎಲೆಯವರು ಊಟ ಮುಂದುವರಿಸಿದರು.